ಬಿಳಿ ಗೋಡೆಯ ಮುಂದಿನ ಬಿಳಿ ಅಂಗಿ: ನೀಲಿಯಿಂದ ಕೆಂಪನ್ನು ಕಳೆದು ಅಂಚು ಹುಡುಕುವ ಬಗೆ

ಪ್ರಶ್ನೆ: ನಮ್ಮೂರ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರ ಸನ್ಮಾನಕ್ಕೆ ಫ್ಲೆಕ್ಸ್ ಮಾಡುತ್ತಿದ್ದೇನೆ. ಅವರ ಮನೆಯ ಚಾವಡಿಯಲ್ಲಿ, ಬಿಳಿ ಗೋಡೆಯ ಎದುರು, ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ನಿಲ್ಲಿಸಿ ಫೋಟೋ ತೆಗೆದದ್ದು. ಹಿಂದೆ ಕಡುಗೆಂಪು ಬಣ್ಣ ಹಾಕಬೇಕು. ಕ್ವಿಕ್ ಸೆಲೆಕ್ಷನ್ ಹಾಕಿದರೆ ಹೆಗಲೇ ಹೋಗುತ್ತದೆ, ಇಲ್ಲವೇ ಗೋಡೆಯ ತುಂಡು ಅಂಟಿಕೊಂಡು ಬರುತ್ತದೆ. ಚಾನೆಲ್‌ಗಳಿಂದ ಮಾಡಬಹುದು ಎಂದು ಒಬ್ಬರು ಹೇಳಿದರು. ನಾನು ನೀಲಿ ಚಾನೆಲ್ ನಕಲು ಮಾಡಿ ಲೆವೆಲ್ಸ್ ಎಳೆದೆ, ಅಂಗಿಯ ನೆರಿಗೆಗಳೆಲ್ಲ ಕಪ್ಪಾದವು. ಸರಿಯಾದ ಕ್ರಮ ಯಾವುದು? ಮೂಲ ರಾ ಫೈಲ್ ಕಳುಹಿಸಿದ್ದೇನೆ.
— ಓದುಗರು, ಉಡುಪಿ

ಉತ್ತರ: ನೀವು ಹಿಡಿದ ದಾರಿ ಸರಿಯಾಗಿಯೇ ಇದೆ, ಆದರೆ ಒಂದು ಹೆಜ್ಜೆ ಮೊದಲೇ ನಿಂತಿದೆ. ನೀಲಿ ಚಾನೆಲ್ ಒಂದನ್ನೇ ತೆಗೆದುಕೊಂಡರೆ ಅದರಲ್ಲಿ ಬಣ್ಣದ ವ್ಯತ್ಯಾಸದ ಜೊತೆಗೆ ನೆರಳು-ಬೆಳಕಿನ ವ್ಯತ್ಯಾಸವೂ ಸೇರಿಕೊಂಡಿರುತ್ತದೆ. ನಿಮಗೆ ಬೇಕಾದದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ತೆಗೆದುಹಾಕಲು ನೀಲಿ ಚಾನೆಲ್‌ನಿಂದ ಕೆಂಪು ಚಾನೆಲನ್ನು ಕಳೆಯಬೇಕು. ಹಾಗೆ ಕಳೆದ ಮೇಲೂ ನಿಮ್ಮ ಚಿತ್ರದಲ್ಲಿ ಒಂದು ತೊಡಕು ಉಳಿಯುತ್ತದೆ. ಅದಕ್ಕೆ ಕಾರಣ ಚಾವಡಿಯ ಕೆಂಪು ನೆಲ. ಅದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಚಿತ್ರದಲ್ಲಿ ಏನಿದೆ ಎಂಬುದನ್ನು ಅಳೆದು ನೋಡೋಣ. ಐಡ್ರಾಪರ್‌ನ Sample Size ಅನ್ನು 11 by 11 Average ಎಂದು ಇಟ್ಟುಕೊಂಡು, Info ಪ್ಯಾನೆಲ್ ತೆರೆದು, ಬಲ ಹೆಗಲಿನ ಅಂಚಿನ ಒಳಗೊಂದು ಕಡೆ, ಹೊರಗೊಂದು ಕಡೆ ಓದಿದೆ. ಗೋಡೆಯಲ್ಲಿ ಕೆಂಪು 231, ಹಸಿರು 229, ನೀಲಿ 218 ಬಂತು. ಅಂಗಿಯಲ್ಲಿ ಕೆಂಪು 229, ಹಸಿರು 230, ನೀಲಿ 234. ಕೆಂಪು ಮತ್ತು ಹಸಿರಿನಲ್ಲಿ ಇವೆರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಕಣ್ಣಿಗೆ ಕಾಣುವ ಒಟ್ಟು ಪ್ರಕಾಶದಲ್ಲಿ ಹಸಿರಿನ ಪಾಲೇ ದೊಡ್ಡದು, ನೀಲಿಯ ಪಾಲು ತೀರ ಚಿಕ್ಕದು; ಹಾಗಾಗಿ ಲೆಕ್ಕ ಹಾಕಿದರೆ ಗೋಡೆಗೂ ಅಂಗಿಗೂ ಪ್ರಕಾಶದಲ್ಲಿರುವ ಅಂತರ 255ರಲ್ಲಿ ಸುಮಾರು 2 ಮಾತ್ರ. ಕ್ವಿಕ್ ಸೆಲೆಕ್ಷನ್ ಹೆಗಲನ್ನು ನುಂಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನೀಲಿಯಲ್ಲಿ 16ರ ಅಂತರವಿದೆ, ನಮ್ಮ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ.

ಈ 16 ಎಲ್ಲಿಂದ ಬಂತು ಎಂಬುದು ತಿಳಿದಿದ್ದರೆ ಮುಂದಿನ ಚಿತ್ರಗಳಲ್ಲಿ ಯಾವ ಚಾನೆಲ್ ನೋಡಬೇಕೆಂದು ಊಹಿಸಲು ಸುಲಭ. ಈಗಿನ ಬಟ್ಟೆಗಳಲ್ಲೂ ಬಟ್ಟೆ ಸೋಪಿನ ಪುಡಿಗಳಲ್ಲೂ ಬಿಳುಪು ಹೆಚ್ಚಿಸುವ ರಾಸಾಯನಿಕವೊಂದು ಇರುತ್ತದೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಬಿಡುತ್ತದೆ. ಗೋಡೆಯ ಬಿಳಿ ಪೈಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆಯನ್ನು ಹೀರುತ್ತದೆ, ಆದರೆ ಹಿಂದಿರುಗಿಸುವುದಿಲ್ಲ. ಆದ್ದರಿಂದ ಒಳ್ಳೆಯ ಬಿಳಿ ಗೋಡೆಯೂ ಅಂಗಿಯ ಪಕ್ಕದಲ್ಲಿ ತುಸು ಹಳದಿಯಾಗಿಯೇ ಕಾಣುತ್ತದೆ, ವರ್ಷ ಕಳೆದಂತೆ ಇನ್ನಷ್ಟು. ಕಿಟಕಿಯ ಹಗಲು ಬೆಳಕಿನಲ್ಲಿ ಅತಿನೇರಳೆ ಇರುವುದರಿಂದ ಈ ಅಂತರ ಚೆನ್ನಾಗಿ ಮೂಡುತ್ತದೆ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಅತಿನೇರಳೆ ಬಹುತೇಕ ಇಲ್ಲದಿರುವುದರಿಂದ ಅದೇ ಅಂಗಿ, ಅದೇ ಗೋಡೆ ರಾತ್ರಿ ಹೊತ್ತಿಗೆ ಒಂದೇ ಬಿಳಿಯಾಗಿಬಿಡಬಹುದು. ಅಂಗಿಗೆ ನೀಲಿ ಹಾಕಿ ಒಗೆಯುವ ಮನೆಗಳಲ್ಲಿ ಮಾತ್ರ ಪರವಾಗಿಲ್ಲ, ನೀಲಿಯ ಬಣ್ಣ ಯಾವ ಬೆಳಕಿನಲ್ಲೂ ಹಳದಿಯನ್ನು ತಗ್ಗಿಸುತ್ತದೆ. ಸುಣ್ಣಕ್ಕೂ ನೀಲಿ ಬೆರೆಸಿ ಹೊಡೆಯುವ ರೂಢಿ ನಮ್ಮ ಕಡೆ ಇರುವುದರಿಂದ, ಹಳೆಯ ಮನೆಯ ಗೋಡೆಯೇ ಅಂಗಿಗಿಂತ ನೀಲಿಯಾಗಿರುವ ಸಂದರ್ಭವೂ ಬರುತ್ತದೆ. ಆಗ ಕ್ರಮ ಇದೇ, ಕಪ್ಪು-ಬಿಳುಪು ಮಾತ್ರ ಅದಲುಬದಲು. ಆದ್ದರಿಂದ ಊಹಿಸಿ ಬಿಡುವುದಕ್ಕಿಂತ ಒಮ್ಮೆ ಅಳೆಯುವುದು ಲೇಸು.

ಇನ್ನು ನಿಮ್ಮ ಅಂಗಿಯ ನೆರಿಗೆಗಳು ಕಪ್ಪಾದದ್ದೇಕೆ? ತೋಳಿನ ಒಂದು ನೆರಿಗೆಯೊಳಗೆ ಓದಿದಾಗ ಕೆಂಪು 201, ಹಸಿರು 202, ನೀಲಿ 205 ಬಂತು. ಬೆಳಕಿನಲ್ಲಿರುವ ಅಂಗಿಯ ನೀಲಿ 234, ಗೋಡೆಯದು 218, ನೆರಿಗೆಯದು 205. ಅಂದರೆ ನೀಲಿ ಚಾನೆಲ್‌ನಲ್ಲಿ ನೆರಿಗೆಯು ಗೋಡೆಗಿಂತಲೂ ಕಪ್ಪು. ಲೆವೆಲ್ಸನ್ನು ಎಲ್ಲಿ ಎಳೆದರೂ ಗೋಡೆಯನ್ನು ಕಪ್ಪಾಗಿಸುವ ಮೊದಲೇ ನೆರಿಗೆ ಕಪ್ಪಾಗುತ್ತದೆ. ಈಗ ಮೂರು ಕಡೆಯಲ್ಲೂ ನೀಲಿಯಿಂದ ಕೆಂಪನ್ನು ಕಳೆದು ನೋಡಿ: ಬೆಳಕಿನಲ್ಲಿರುವ ಅಂಗಿ +5, ನೆರಿಗೆ +4, ಗೋಡೆ −13. ನೆರಳು ಬಿದ್ದಾಗ ಮೂರು ಚಾನೆಲ್‌ಗಳೂ ಬಹುಮಟ್ಟಿಗೆ ಒಟ್ಟಿಗೇ ಇಳಿಯುವುದರಿಂದ ಕಳೆದಾಗ ನೆರಳು ಬಿಟ್ಟುಹೋಗಿ ಬಟ್ಟೆಯ ಬಣ್ಣ ಮಾತ್ರ ಉಳಿಯುತ್ತದೆ. ನೆರಿಗೆಯೂ ಹೆಗಲೂ ಈಗ ಒಂದೇ ಗುಂಪು, ಗೋಡೆ ಬೇರೆ ಗುಂಪು.

ಕೆಲಸಕ್ಕೆ ಇಳಿಯುವ ಮೊದಲು ರಾ ಫೈಲಿನಿಂದ ಮಾಸ್ಕ್‌ಗೆಂದೇ ಒಂದು ಪ್ರತ್ಯೇಕ ಪ್ರತಿ ತೆಗೆದುಕೊಳ್ಳಿ. ಇದು ಮುದ್ರಣಕ್ಕೆ ಹೋಗುವ ಪ್ರತಿಯಲ್ಲ, ಆದ್ದರಿಂದ ನೋಡಲು ಚೆನ್ನಾಗಿರಬೇಕೆಂದಿಲ್ಲ. ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿ, ಸ್ಯಾಚುರೇಷನ್ ಏರಿಸಿ, 16 ಬಿಟ್‌ನಲ್ಲಿ ತೆರೆಯಿರಿ. ಎಕ್ಸ್‌ಪೋಶರ್ ಇಳಿಸುವುದು ಯಾಕೆಂದರೆ, ಯಾವ ಜಾಗದಲ್ಲಿ ಮೂರು ಚಾನೆಲ್‌ಗಳೂ 255ಕ್ಕೆ ತಾಗಿವೆಯೋ ಅಲ್ಲಿ ಕಳೆದರೆ ಸಿಗುವುದು ಸೊನ್ನೆಯೇ. ಅಂಗಿಯೂ ಸೊನ್ನೆ, ಗೋಡೆಯೂ ಸೊನ್ನೆ. ನಿಮ್ಮ ಚಿತ್ರದಲ್ಲಿ ಕಿಟಕಿಯ ಕಡೆಯ ಎಡ ಹೆಗಲಿನ ಮೇಲ್ಭಾಗ ಜೆಪೆಗ್‌ನಲ್ಲಿ ಪೂರ್ತಿ ಉರಿದುಹೋಗಿದೆ, ಆದರೆ ರಾ ಫೈಲಿನಲ್ಲಿ ಅದರ ಬಹುಪಾಲು ಮರಳಿ ಬರುತ್ತದೆ. ಸ್ಯಾಚುರೇಷನ್ ಏರಿಸಿದರೆ ಚಾನೆಲ್‌ಗಳ ನಡುವಣ ಅಂತರ ಹಿಗ್ಗುತ್ತದೆ. ಈ ಎರಡು ಬದಲಾವಣೆಗಳಿಂದ ನಿಮ್ಮ ಪರದೆಯ ಅಂಕಿಗಳು ನಾನು ಇಲ್ಲಿ ಕೊಟ್ಟವುಗಳಿಗಿಂತ ಬೇರೆಯಾಗುತ್ತವೆ, ಗಾಬರಿಯಾಗಬೇಡಿ. ಲೆಕ್ಕ ಸುಲಭವಾಗಲೆಂದು ನಾನು ಮಾಮೂಲಿ ಪ್ರತಿಯ ಅಂಕಿಗಳನ್ನೇ ಮುಂದುವರಿಸುತ್ತೇನೆ.

ಫೋಟೋಶಾಪ್‌ನಲ್ಲಿ Image > Calculations ತೆರೆದು ಹೀಗೆ ತುಂಬಿ:

```
Source 1:  Channel = Red
Source 2:  Channel = Blue
Blending:  Subtract   Opacity: 100
Offset:    128        Scale: 1
Result:    New Channel
```

ಇಲ್ಲಿ ಎರಡನೆಯ ಮೂಲದಿಂದ ಮೊದಲನೆಯದನ್ನು ಕಳೆಯಲಾಗುತ್ತದೆ. 128 ಸೇರಿಸುವುದು ಋಣ ಸಂಖ್ಯೆಗಳು ಸೊನ್ನೆಯಲ್ಲಿ ಕತ್ತರಿಸಿಹೋಗದಿರಲಿ ಎಂದು. ಗೋಡೆ 115 ಆಗುತ್ತದೆ, ಅಂಗಿ 133 ಆಗುತ್ತದೆ. ಪರದೆಯ ಮೇಲೆ ಕಾಣುವುದು ಮಂಕಾದ ಬೂದು ಚಿತ್ರ; ಮಬ್ಬಾದರೂ ಅಂಗಿಯ ಆಕಾರ ಅದರಲ್ಲಿ ಇಡಿಯಾಗಿ ನಿಂತಿರುತ್ತದೆ. ಅಂಗಿ ಗೋಡೆಗಿಂತ ಕಪ್ಪಾಗಿ ಬಂದಿದ್ದರೆ ಮೂಲಗಳು ಅದಲುಬದಲಾಗಿವೆ ಎಂದು ತಿಳಿದು Ctrl+I ಒತ್ತಿ.

ಗಿಂಪ್ ಬಳಸುವವರು Colors > Components > Decompose ನಲ್ಲಿ RGB ಆರಿಸಿ, ಬರುವ ಲೇಯರ್‌ಗಳಲ್ಲಿ ಹಸಿರನ್ನು ಮರೆಮಾಡಿ, ನೀಲಿಯ ಮೇಲೆ ಕೆಂಪನ್ನು ಇಟ್ಟು, ಕೆಂಪಿನ ಮೋಡನ್ನು Grain extract ಮಾಡಿದರೆ ಇದೇ ಲೆಕ್ಕ ಆಗುತ್ತದೆ. ಕೆಳಗಿನ ಲೇಯರಿನಿಂದ ಮೇಲಿನದನ್ನು ಕಳೆದು 128 ಸೇರಿಸುವುದೇ ಆ ಮೋಡಿನ ಕೆಲಸ.

ಈಗ ಸಿಕ್ಕಿರುವ ಅಂತರ 18 ಹಂತಗಳದ್ದು. ಅದನ್ನು ಕಪ್ಪಿನಿಂದ ಬಿಳಿಯವರೆಗೆ ಹಿಗ್ಗಿಸುವುದೆಂದರೆ ಸುಮಾರು 14 ಪಟ್ಟು ಹೆಚ್ಚಿಸುವುದು, ಆಗ ಚಿತ್ರದ ನಾಯ್ಸ್ ಕೂಡ ಅಷ್ಟೇ ಪಟ್ಟು ಹೆಚ್ಚುತ್ತದೆ. ಮೂರು ಚಾನೆಲ್‌ಗಳಲ್ಲಿ ನೀಲಿಯಲ್ಲೇ ಸಾಮಾನ್ಯವಾಗಿ ನಾಯ್ಸ್ ಹೆಚ್ಚು. ಎರಡು ಹಂತ ಆಚೀಚೆ ಆಗುವ ಕಾಳು, ಹಿಗ್ಗಿಸಿದ ಮೇಲೆ 28 ಹಂತ ಆಚೀಚೆ ಆಗಿ ಅಂಗಿಯ ತುಂಬ ಮೆಣಸಿನ ಪುಡಿ ಚೆಲ್ಲಿದಂತೆ ಕಾಣುತ್ತದೆ. ಆದ್ದರಿಂದ ಲೆವೆಲ್ಸ್ ಮುಟ್ಟುವ ಮೊದಲು ಈ ಹೊಸ ಚಾನೆಲ್‌ಗೆ Gaussian Blur 1.5 ಪಿಕ್ಸೆಲ್‌ನಷ್ಟು ಕೊಡಿ. ಅಂಚು ಮೆತ್ತಗಾಗುತ್ತದಲ್ಲ ಎಂಬ ಸಂಶಯ ಬೇಡ. ಮುಂದೆ ಲೆವೆಲ್ಸ್ ಎಳೆದಾಗ ಆ ಮೆತ್ತನೆಯ ಇಳಿಜಾರು ಮತ್ತೆ ಕಡಿದಾಗುತ್ತದೆ. 16 ಬಿಟ್ ಬೇಕೆಂದದ್ದು ಇದಕ್ಕೇ: 8 ಬಿಟ್‌ನಲ್ಲಿ 115 ಮತ್ತು 116ರ ನಡುವೆ ಏನೂ ಇಲ್ಲ, ಬ್ಲರ್ ಮಾಡಿದರೂ ಸರಾಸರಿಯನ್ನು ಇಡಲು ಜಾಗವಿಲ್ಲ. ಜೆಪೆಗ್ ಮಾತ್ರ ಇರುವವರು ಕೂಡ ಲೆಕ್ಕ ಶುರುಮಾಡುವ ಮೊದಲು Image > Mode > 16 Bits/Channel ಮಾಡಿಕೊಂಡರೆ ಬ್ಲರ್‌ನಿಂದ ಸ್ವಲ್ಪ ಪ್ರಯೋಜನ ಸಿಗುತ್ತದೆ.

ಬ್ಲರ್ ಆದ ಮೇಲೆ Ctrl+L ಒತ್ತಿ ಕಪ್ಪು ತುದಿಯನ್ನು 117ಕ್ಕೆ, ಬಿಳಿ ತುದಿಯನ್ನು 131ಕ್ಕೆ ತಂದರೆ ಹೆಗಲು, ತೋಳು, ಎದೆಯ ಅಂಚು ಸ್ಪಷ್ಟವಾಗಿ ಬಿಡಿಸಿಕೊಳ್ಳುತ್ತದೆ. ಮೇಲಿನ ಅರ್ಧ ಮುಗಿಯಿತು ಎನ್ನಬಹುದು. ಆದರೆ ಅದೇ ಹೊತ್ತಿಗೆ ಸೊಂಟದಿಂದ ಕೆಳಗೆ ಅಂಗಿಯ ಅಂಚೂ ಪಂಚೆಯೂ ಗೋಡೆಯ ಜೊತೆ ಸೇರಿ ಕಪ್ಪಾಗಿರುವುದನ್ನು ನೀವು ನೋಡುತ್ತೀರಿ.

ಇದೇ ನಾನು ಮೊದಲು ಹೇಳಿದ ಕೆಂಪು ನೆಲದ ತೊಡಕು. ಚಾವಡಿಯ ರೆಡ್ ಆಕ್ಸೈಡ್ ನೆಲ ಕಿಟಕಿಯ ಬೆಳಕನ್ನು ಕೆಂಪಾಗಿಸಿ ಮೇಲಕ್ಕೆ ಎಸೆಯುತ್ತದೆ. ಆ ಬೆಳಕು ಗೋಡೆಯ ಕೆಳಭಾಗಕ್ಕೂ ಪಂಚೆಗೂ ಬಿದ್ದು, ಮೇಲೇರಿದಂತೆ ಕಡಿಮೆಯಾಗುತ್ತದೆ. ಮೊಣಕಾಲಿನ ಮಟ್ಟದಲ್ಲಿ ಓದಿದರೆ ಗೋಡೆ ಕೆಂಪು 226, ಹಸಿರು 214, ನೀಲಿ 198. ಪಂಚೆ ಕೆಂಪು 222, ಹಸಿರು 214, ನೀಲಿ 206. ಕಳೆದಾಗ ಗೋಡೆ −28, ಪಂಚೆ −16. ಇವೆರಡರ ನಡುವೆ ಇಲ್ಲಿಯೂ 12 ಹಂತಗಳ ಅಂತರವಿದೆ, ಸಾಕಷ್ಟು ಒಳ್ಳೆಯದೇ. ಆದರೆ ಪಂಚೆಯ −16 ಎಂಬುದು ಹೆಗಲಿನ ಪಕ್ಕದ ಗೋಡೆಯ −13ಕ್ಕಿಂತಲೂ ಕೆಳಗೆ ಇಳಿದಿದೆ. ಹೀಗಿರುವಾಗ ಇಡೀ ಚಿತ್ರಕ್ಕೆ ಸರಿಹೊಂದುವ ಒಂದೇ ಒಂದು ಲೆವೆಲ್ಸ್ ಬೆಲೆ ಇರಲು ಸಾಧ್ಯವೇ ಇಲ್ಲ. ಮಂಗಳೂರು, ಉಡುಪಿಯ ಹಳೆಯ ಮನೆಗಳಲ್ಲಿ ತೆಗೆದ ಚಿತ್ರಗಳಲ್ಲಿ ಈ ತೊಂದರೆ ಎದುರಾಗುವುದು ಸಾಮಾನ್ಯ. ಮುರಕಲ್ಲಿನ ಅಂಗಳದ ಬದಿಯಲ್ಲಿ ನಿಲ್ಲಿಸಿದರೂ ಇದೇ ಪಾಡು; ಎಳೆ ಹುಲ್ಲಿನ ಬದಿಯಾದರೆ ಹಸಿರು ಛಾಯೆ ಬರುತ್ತದೆ.

ಪರಿಹಾರ ಕಷ್ಟದ್ದಲ್ಲ. ಬ್ಲರ್ ಆಗಿ, ಲೆವೆಲ್ಸ್ ಇನ್ನೂ ಹಾಕಿರದ ಆ ಬೂದು ಚಾನೆಲನ್ನು ಎರಡು ಪ್ರತಿ ಮಾಡಿಕೊಳ್ಳಿ; ಒಂದಕ್ಕೆ ಮೇಲು ಎಂದೂ ಇನ್ನೊಂದಕ್ಕೆ ಕೆಳಗು ಎಂದೂ ಹೆಸರಿಡಿ. ಮೇಲಿನದಕ್ಕೆ 117 ಮತ್ತು 131. ಕೆಳಗಿನದರಲ್ಲಿ, 128 ಸೇರಿಸಿದ ಮೇಲೆ, ಗೋಡೆ 100, ಪಂಚೆ 112 ಆಗಿರುವುದರಿಂದ 102 ಮತ್ತು 110. ಮೂರನೆಯದಾಗಿ ಒಂದು ಖಾಲಿ ಚಾನೆಲ್ ತೆರೆದು, ಎದೆಯ ಮಟ್ಟದಿಂದ ಸೊಂಟದ ಕೆಳಗಿನವರೆಗೆ ಬಿಳಿಯಿಂದ ಕಪ್ಪಿಗೆ ಇಳಿಯುವ ಗ್ರೇಡಿಯಂಟ್ ಎಳೆಯಿರಿ. ಮತ್ತೆ Calculations ತೆರೆದು Source 1 ರಲ್ಲಿ ಮೇಲು, Source 2 ರಲ್ಲಿ ಕೆಳಗು, Blending ನಲ್ಲಿ Normal ಇಟ್ಟು, Mask ಎಂಬುದನ್ನು ಟಿಕ್ ಮಾಡಿ ಗ್ರೇಡಿಯಂಟ್ ಚಾನೆಲನ್ನು ಆರಿಸಿ. ಗ್ರೇಡಿಯಂಟ್ ಬಿಳಿಯಿರುವಲ್ಲಿ ಮೇಲಿನ ಪ್ರತಿ, ಕಪ್ಪಿರುವಲ್ಲಿ ಕೆಳಗಿನ ಪ್ರತಿ ಬಂದು, ನಡುವೆ ಎರಡೂ ಬೆರೆಯುತ್ತವೆ. ತಲೆಕೆಳಗಾಗಿ ಬಂದರೆ ಅಲ್ಲಿಯೇ Invert ಇದೆ. ನಡುವಿನ ಪಟ್ಟಿಯಲ್ಲಿ, ಅಂದರೆ ಹೊಟ್ಟೆಯ ಮಟ್ಟದಲ್ಲಿ, ಅಂಚು ಸ್ವಲ್ಪ ಮಸುಕಾಗಬಹುದು; ಅಷ್ಟಕ್ಕೇ 110 ಮತ್ತು 120ರ ಆಸುಪಾಸಿನ ಬೆಲೆಗಳಲ್ಲಿ ಇನ್ನೊಂದು ಪ್ರತಿ ಮಾಡಿ ಸೇರಿಸುವವರೂ ಇದ್ದಾರೆ. ನಿಮ್ಮ ಚಿತ್ರದಲ್ಲಿ ಆ ಮಟ್ಟದಲ್ಲಿ ಕೈ ಅಡ್ಡ ಬಂದಿರುವುದರಿಂದ ಅದರ ಅಗತ್ಯ ನನಗೆ ಕಾಣಲಿಲ್ಲ.

ಈ ಲೆಕ್ಕವನ್ನು ಬಟ್ಟೆಗಷ್ಟೇ ಬಳಸಿ. ಚರ್ಮದಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಕಳೆದಾಗ ಮುಖ, ಕೈಗಳು ಗೋಡೆಗಿಂತಲೂ ಕಪ್ಪಾಗುತ್ತವೆ. ಅದು ಕೆಟ್ಟದ್ದೇನಲ್ಲ, ಏಕೆಂದರೆ ಮುಖ, ಕೈ, ಕೂದಲುಗಳಿಗೆ ಇಂಥ ಸರ್ಕಸ್ಸೇ ಬೇಡ. ನೀಲಿ ಚಾನೆಲನ್ನು ಹಾಗೆಯೇ ನಕಲು ಮಾಡಿ ತಿರುಗಿಸಿದರೆ ಗೋಡೆಯ ಎದುರು ಅವು ಒಡೆದು ಕಾಣುತ್ತವೆ. ಸಾರ್ ಅವರ ನರೆತ ಕೂದಲಿನ ಎಳೆಗಳು ಮಾತ್ರ ನೆತ್ತಿಯ ಬಳಿ ಗೋಡೆಗೆ ಬೆರೆತಿವೆ. ಅಲ್ಲಿ ಒಂದೆರಡು ಎಳೆ ಹೋದರೂ ಫ್ಲೆಕ್ಸ್‌ನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಬಟ್ಟೆಯ ಅಂಚಿನಲ್ಲೂ ಎಲ್ಲ ಕಡೆ ಕಳೆಯುವ ಲೆಕ್ಕವೇ ಉತ್ತಮ ಎಂದಲ್ಲ. ಕಿಟಕಿಗೆ ಎದುರಾದ ಬದಿಯಲ್ಲಿ, ಬಲ ತೋಳಿನ ಹೊರಗೆ, ಸಾರ್ ಅವರ ನೆರಳು ಗೋಡೆಯ ಮೇಲೆ ಬಿದ್ದಿದೆ. ಅಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಗೋಡೆಯು ಅಂಗಿಗಿಂತ ನಿಜಕ್ಕೂ ಕಪ್ಪು. ಅಷ್ಟು ಭಾಗಕ್ಕೆ ಹಸಿರು ಚಾನೆಲ್ ನೇರವಾಗಿ ಬಳಸಿ. ನಾಯ್ಸ್ ಕಡಿಮೆ, ಅಂಚೂ ಹರಿತ. ನೆರಳಿನ ಹೊರಗಿನ ಗೆರೆಯನ್ನು ತೋಳಿನ ಗೆರೆ ಎಂದು ತಿಳಿಯದಂತೆ ಎಚ್ಚರವಿರಲಿ. ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಸಾಗುವುದರಿಂದ, ಅವಸರದಲ್ಲಿ ಕೆಲಸ ಮಾಡಿದರೆ ತೋಳು ಎರಡು ಬೆರಳಿನಷ್ಟು ದಪ್ಪವಾಗಿಬಿಡುತ್ತದೆ.

ಇಷ್ಟಾದ ಮೇಲೆ ಮಾಸ್ಕ್‌ನಲ್ಲಿ ಗೋಡೆಯ ದೂರದ ಭಾಗಗಳಲ್ಲಿ, ಅಂಗಿಯ ಮಧ್ಯದಲ್ಲಿ ಅಲ್ಲಲ್ಲಿ ಕಲೆಗಳು ಉಳಿದಿರುತ್ತವೆ. ಅವುಗಳನ್ನು ಒಂದೊಂದಾಗಿ ಒರೆಸುತ್ತ ಕೂರುವ ಅಗತ್ಯವಿಲ್ಲ. ನಮಗೆ ಬೇಕಾದದ್ದು ಅಂಚಿನ ಆಚೀಚೆ ಒಂದು ಸಣ್ಣ ಪಟ್ಟಿ ಮಾತ್ರ. ಲ್ಯಾಸೋದಿಂದ ಅಂಚಿನ ಒಳಗೆ ಇಪ್ಪತ್ತು ಮೂವತ್ತು ಪಿಕ್ಸೆಲ್ ಬಿಟ್ಟು ಒರಟಾಗಿ ಸುತ್ತು ಹಾಕಿ ಒಳಭಾಗಕ್ಕೆ ಬಿಳಿ ತುಂಬಿ, ಅಷ್ಟೇ ದೂರದಲ್ಲಿ ಹೊರಗೆ ಸುತ್ತು ಹಾಕಿ ಹೊರಭಾಗಕ್ಕೆ ಕಪ್ಪು ತುಂಬಿ. ಉಳಿದ ಪಟ್ಟಿಯೊಳಗೆ ಬ್ರಷ್‌ನ ಮೋಡನ್ನು Overlay ಮಾಡಿ, ಅಪಾರದರ್ಶಕತೆಯನ್ನು ಕಡಿಮೆ ಇಟ್ಟು, ಅಂಗಿಯ ಬದಿಗೆ ಬಿಳಿ, ಗೋಡೆಯ ಬದಿಗೆ ಕಪ್ಪು ಬಳಿಯಿರಿ. ಆ ಮೋಡಿನಲ್ಲಿ ಬಿಳಿ ಬಳಿದರೆ ಪೂರ್ತಿ ಕಪ್ಪಾದ ಜಾಗ ಬದಲಾಗುವುದಿಲ್ಲ, ಬೂದು ಮಾತ್ರ ಬಿಳಿಯ ಕಡೆಗೆ ಸರಿಯುತ್ತದೆ. ಸಾಮಾನ್ಯ ಬ್ರಷ್‌ನಿಂದ ಬಳಿದರೆ ಅಂಚು ನಿಮ್ಮ ಕೈಯ ಗೆರೆಯಾಗುತ್ತದೆ, ಅಂಗಿಯ ಗೆರೆ ಆಗುವುದಿಲ್ಲ.

ಮಾಸ್ಕ್ ಸರಿಯಾಗಿದೆಯೇ ಎಂಬುದನ್ನು ಕಪ್ಪು-ಬಿಳುಪಿನಲ್ಲಿ ನೋಡಿ ತೀರ್ಮಾನಿಸಬೇಡಿ. ಅದನ್ನು ಮುದ್ರಣದ ಪ್ರತಿಯ ಮೇಲೆ ಲೇಯರ್ ಮಾಸ್ಕ್ ಆಗಿ ಹಾಕಿ, ಕೆಳಗೆ ನಿಮ್ಮ ಕಡುಗೆಂಪನ್ನೇ ಇಟ್ಟು, ನೂರು ಶೇಕಡಾ ಗಾತ್ರದಲ್ಲಿ ಅಂಚಿನ ಉದ್ದಕ್ಕೂ ಸಾಗಿ. ಮೂರು ಬಗೆಯ ದೋಷಗಳು ಕಾಣಬಹುದು. ಅಂಗಿಯ ಅಂಚಿನಲ್ಲಿ ಕೆಂಪು ಒಳನುಸುಳಿ ಬಟ್ಟೆ ಕರಗಿದಂತೆ ಕಂಡರೆ ಲೆವೆಲ್ಸ್‌ನ ಬಿಳಿ ತುದಿ ತುಂಬ ಮೇಲಿದೆ. ಅಂಚಿನ ಹೊರಗೆ ತೆಳ್ಳಗಿನ ಕೆನೆಬಣ್ಣದ ಗೆರೆ ಕಂಡರೆ ಅದು ಗೋಡೆಯೇ. ಅಂಗಿ ನೀಲಿಬಿಳಿ, ಗೋಡೆ ಕೆನೆಬಿಳಿ ಆಗಿರುವುದರಿಂದ ಗುರುತಿಸಲು ಸುಲಭ. ಮಾಸ್ಕ್ ಮೇಲೆ Filter > Other > Minimum ಅನ್ನು 1 ಪಿಕ್ಸೆಲ್ ಕೊಟ್ಟರೆ ಅದು ಒಳಗೆ ಸರಿಯುತ್ತದೆ. ಕಾಲರಿನ ತುದಿ ಮತ್ತು ಪಂಚೆಯ ಕರೆಯ ಮೂಲೆ ಅಷ್ಟಕ್ಕೇ ಮೊಂಡಾಗುವುದರಿಂದ ಅವೆರಡನ್ನು ಮೊದಲೇ ಸೆಲೆಕ್ಷನ್‌ನಿಂದ ಹೊರಗಿಡಿ.

ಮೂರನೆಯ ದೋಷವೆಂದರೆ ಅಂಚು ಗರಗಸದ ಹಲ್ಲಿನಂತೆ, ಮೆಟ್ಟಿಲು ಮೆಟ್ಟಿಲಾಗಿ ಬರುವುದು. ರಾ ಫೈಲಿನಿಂದ ಮಾಡಿದರೆ ಇದು ಬರಲಾರದು. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ಖಂಡಿತ ಬರುತ್ತದೆ. ಜೆಪೆಗ್ ಪ್ರಕಾಶವನ್ನು ಪ್ರತಿ ಪಿಕ್ಸೆಲಿಗೂ ಇಟ್ಟುಕೊಳ್ಳುತ್ತದೆ, ಆದರೆ ಬಣ್ಣದ ಅಂತರವನ್ನು ಸಾಮಾನ್ಯವಾಗಿ ಎರಡು ಅಡ್ಡ, ಎರಡು ಉದ್ದದ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಮಾತ್ರ ಇಟ್ಟು, ಅದನ್ನೂ ಚೌಕಗಳಾಗಿ ಹಿಂಡುತ್ತದೆ. ನಾವು ನೆಚ್ಚಿರುವುದು ಬಣ್ಣದ ಅಂತರವನ್ನೇ ಆದ್ದರಿಂದ ಜೆಪೆಗ್ ಮೊದಲು ಎಸೆಯುವುದೂ ನಮಗೆ ಬೇಕಾದದ್ದನ್ನೇ. ಅಂಥ ಚಿತ್ರ ಕೈಗೆ ಬಂದರೆ ಕಳೆದ ಚಾನೆಲನ್ನು ಅಂಚು ಎಲ್ಲಿದೆ ಎಂದು ನೋಡಲು ಮಾತ್ರ ಬಳಸಿ, ಅದನ್ನು ಪರದೆಯ ಮೇಲೆ ಇಟ್ಟುಕೊಂಡು ಪೆನ್ ಟೂಲ್‌ನಿಂದ ಗೆರೆ ಎಳೆಯುವುದೇ ಸರಿ.

ನಿಮ್ಮ ಚಿತ್ರದಲ್ಲೂ ಪೆನ್ ಟೂಲ್ ಬೇಕಾಗುವ ಒಂದು ಜಾಗವಿದೆ. ಎಡ ಹೆಗಲಿನ ಮೇಲೆ, ಕಾಲರಿನಿಂದ ತೋಳಿನ ಹೊಲಿಗೆಯವರೆಗಿನ ಭಾಗದಲ್ಲಿ, ಎಕ್ಸ್‌ಪೋಶರ್ ಇಳಿಸಿದ ಮೇಲೂ ಸ್ವಲ್ಪ ದೂರ ಮೂರು ಚಾನೆಲ್‌ಗಳೂ ತುಂಬಿಹೋಗಿವೆ. ಅಲ್ಲಿ ಯಾವ ಲೆಕ್ಕಕ್ಕೂ ಸಿಗುವಂಥದ್ದು ಏನೂ ಉಳಿದಿಲ್ಲ. ಹೊಲಿಗೆಯ ಗೆರೆ ಎರಡೂ ಕಡೆ ಕಾಣುತ್ತಿರುವುದರಿಂದ ಹೆಗಲಿನ ಬಾಗು ಎಲ್ಲಿ ಹಾಯುತ್ತದೆಂದು ಅಂದಾಜಿಸಬಹುದು. ಎರಡು ಆಂಕರ್ ಬಿಂದುಗಳ ನಡುವೆ ಒಂದೇ ಬಾಗು ಎಳೆದು, ಸೆಲೆಕ್ಷನ್ ಮಾಡುವಾಗ Feather Radius 1 ಕೊಟ್ಟು ಮಾಸ್ಕ್‌ಗೆ ಸೇರಿಸಿ. ಪಕ್ಕದ ಅಂಚಿನ ಮೃದುತ್ವಕ್ಕೆ ಅದು ಹೊಂದಿಕೊಳ್ಳುತ್ತದೆ.